ಹಳೆ ಕೋಟು, ಆಷಾಢದ ಅಂಗಿ

ಮೊದಲ ಕೆಲಸದ ಸಂದರ್ಶನಕ್ಕೆ ಹೊರಟ ಹುಡುಗನ ಕೈಯಲ್ಲಿ 3000 ರೂಪಾಯಿ ಇದೆ ಅಂದುಕೊಳ್ಳಿ. ಕೋಟು, ಪ್ಯಾಂಟು, ಅಂಗಿ ಮೂರೂ ಅದರಲ್ಲೇ ಆಗಬೇಕು. ಅಷ್ಟಕ್ಕೇ ಮೂರನ್ನೂ ಹೊಸದಾಗಿ ಕೊಂಡರೆ ಕೋಟು ಬಡವಾಗುತ್ತದೆ. ಹಾಗಾಗಿ ಹೊಲಿಗೆಗೆ ಹೆಚ್ಚು ಖರ್ಚಾಗುವ, ಮೈಗೆ ನೇರ ತಾಗದ ಕೋಟನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವುದೇ ಸರಿ. ಬೆವರು ಹೀರುವ ಅಂಗಿ, ಕೂತು ಎದ್ದು ಸವೆಯುವ ಪ್ಯಾಂಟು ಹೊಸದಿರಲಿ. ಅವಕ್ಕೆ ಆಷಾಢದ ರಿಯಾಯಿತಿ ಇದೆ. ಆ ತಿಂಗಳು ಮದುವೆಗಳಿಲ್ಲದೆ ಬಟ್ಟೆ ಅಂಗಡಿಗಳ ವ್ಯಾಪಾರ ಇಳಿಯುವುದರಿಂದಲೇ ನಮ್ಮಲ್ಲಿ ಆಷಾಢ ಸೇಲ್ ಬೆಳೆದದ್ದು.

ಮೊದಲು ಕೋಟು. ಬೆಂಗಳೂರಿನವರಿಗೆ ಚಿಕ್ಕಪೇಟೆ ಸುತ್ತಿನ ಸಂಡೇ ಬಜಾರ್ ಗೊತ್ತೇ ಇದೆ. ಈಗ ಇನ್‌ಸ್ಟಾಗ್ರಾಮಿನಲ್ಲೂ ಥ್ರಿಫ್ಟ್ ಅಂಗಡಿಗಳಿವೆ. ಎಲ್ಲಿ ಕೊಂಡರೂ ಬಣ್ಣಕ್ಕಿಂತ ಮೊದಲು ಭುಜ ನೋಡಿ. ಕೋಟಿನ ಭುಜದ ಹೊಲಿಗೆ ನಿಮ್ಮ ಭುಜದ ಮೂಳೆ ಮುಗಿಯುವಲ್ಲೇ ಮುಗಿಯಬೇಕು. ಕೋಟು ತೊಟ್ಟು ಗೋಡೆಗೆ ಪಕ್ಕಕ್ಕೆ ನಿಂತು ಮೆಲ್ಲಗೆ ಸರಿಯಿರಿ: ತೋಳಿಗಿಂತ ಮೊದಲು ಭುಜದ ಪ್ಯಾಡ್ ಗೋಡೆಗೆ ತಾಗಿದರೆ ಆ ಕೋಟು ದೊಡ್ಡದು. ಅದನ್ನು ಸರಿಪಡಿಸಲು ತೋಳನ್ನೇ ಬಿಚ್ಚಿ ಮತ್ತೆ ಕೂರಿಸಬೇಕು; ಕೋಟಿನ ಬೆಲೆಗಿಂತ ಕೂಲಿಯೇ ಹೆಚ್ಚಾದೀತು. ಸೊಂಟದ ಬಳಿ ಸಡಿಲವಿದ್ದರೆ ಚಿಂತೆಯಿಲ್ಲ, ಒಂದೆರಡು ಇಂಚು ಸುಲಭವಾಗಿ ಒಳಗೆ ಹಿಡಿಯಬಹುದು. ತೋಳಿನ ಉದ್ದವನ್ನೂ ಕಡಿಮೆ ಮಾಡಿಸಬಹುದು. ಆದರೆ ತೋಳಿನ ತುದಿಯ ಗುಂಡಿಗಳಿಗೆ ನಿಜವಾದ ಕಾಜಾ ಕತ್ತರಿಸಿದ್ದರೆ ಆ ಕೆಲಸ ಕಷ್ಟ. ಕೋಟಿನ ಒಟ್ಟು ಉದ್ದಕ್ಕಂತೂ ಕೈ ಹಾಕಬೇಡಿ, ಜೇಬುಗಳು ತೀರಾ ಕೆಳಗೆ ಬಿದ್ದಂತೆ ಕಾಣುತ್ತವೆ.

ಇನ್ನೊಂದು ಪರೀಕ್ಷೆಯನ್ನು ಬಿಡಲೇಬಾರದು. ಕಡಿಮೆ ಬೆಲೆಯ ಕೋಟುಗಳಲ್ಲಿ ಎದೆಯ ಭಾಗಕ್ಕೆ ಒಳಗಿನಿಂದ ಬಕ್ರಂ ಅಂಟಿಸಿರುತ್ತಾರೆ. ಹಲವು ಸಲ ಒಗೆದು, ಬಿಸಿ ಇಸ್ತ್ರಿ ಉಜ್ಜಿದರೆ ಆ ಅಂಟು ಅಲ್ಲಲ್ಲಿ ಬಿಟ್ಟು, ಬಟ್ಟೆಯ ಮೇಲೆ ಸಣ್ಣ ಗುಳ್ಳೆ ಎದ್ದಂತಾಗುತ್ತದೆ. ಕೋಟನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅದು ಕಾಣುತ್ತದೆ. ಇದಕ್ಕೆ ರಿಪೇರಿ ಎಂಬುದೇ ಇಲ್ಲವೆನ್ನಬೇಕು, ಎಷ್ಟೇ ಅಗ್ಗವಿದ್ದರೂ ಬಿಟ್ಟುಬನ್ನಿ. ಕಂಕುಳಿನ ಅಸ್ತರು ಹರಿದಿದ್ದರೆ ಹೊಲಿಸಬಹುದು. ಆದರೆ ಅಲ್ಲಿ ಬೆವರಿನ ಕಲೆ ಬಟ್ಟೆಯ ಹೊರಗೂ ಮೂಡಿದ್ದರೆ ಡ್ರೈಕ್ಲೀನಿಂಗ್‌ಗೂ ಹೋಗುವುದು ಅನುಮಾನ. ಫೋನಿನಲ್ಲಿ ನೋಡಿ ಕೊಳ್ಳುವವರು 38, 40 ಎಂಬ ಸೈಜ್ ನಂಬದೆ ಭುಜದಿಂದ ಭುಜಕ್ಕೆ, ಕಂಕುಳಿಂದ ಕಂಕುಳಿಗೆ ಎಷ್ಟು ಇಂಚು ಎಂದು ಕೇಳಿ. ನಿಮಗೆ ಸರಿಹೊಂದುವ ಸ್ನೇಹಿತನ ಕೋಟನ್ನು ಹಾಸಿಗೆಯ ಮೇಲೆ ಹರಡಿ ಅಳೆದು ಹೋಲಿಸಿ.

ಬಣ್ಣ ಕಡುನೀಲಿ ಇರಲಿ ಎನ್ನುತ್ತೇನೆ. ಕಪ್ಪು ಕೋಟಿಗೆ ಬೇರೆಡೆಯಿಂದ ತಂದ ಕಪ್ಪು ಪ್ಯಾಂಟು ಅಂಗಡಿಯ ದೀಪದಲ್ಲಿ ಒಂದೇ ಎನಿಸಿದರೂ ಬಿಸಿಲಿಗೆ ಬಂದಾಗ ಎರಡು ಬೇರೆ ಕಪ್ಪು. ಕಡುನೀಲಿಗೆ ಬೂದು ಪ್ಯಾಂಟು, ಬಿಳಿ ಅಂಗಿ ಹಾಕಿದರೆ ಹೊಂದಿಸುವ ತೊಂದರೆಯೇ ಇಲ್ಲ.

ಇನ್ನು ಸೇಲ್. ಅಲ್ಲಿ ಬೋರ್ಡಿನ ಶೇಕಡಾವಾರು ಬಿಟ್ಟು ಕೊನೆಗೆ ಕೈಯಿಂದ ಹೋಗುವ ರೂಪಾಯಿ ಲೆಕ್ಕಹಾಕಿ. '50+20' ಎಂದರೆ 70 ಅಲ್ಲ: 2000 ರೂಪಾಯಿಯ ಬಟ್ಟೆ ಮೊದಲು 1000 ಆಗಿ, ಅದರಲ್ಲಿ 20 ಭಾಗ ಕಳೆದು 800 ಆಗುತ್ತದೆ, ಅಂದರೆ ಶೇ. 60. ಎರಡು ಕೊಂಡರೆ ಒಂದು ಉಚಿತ ಎಂಬುದು ಮೂರೂ ಒಂದೇ ಬೆಲೆಯವಾದರೆ ಸುಮಾರು ಶೇ. 33 ಮಾತ್ರ, ಅದೂ ಮೂರು ಅಂಗಿ ಬೇಕಿದ್ದರೆ. ಒಂದೇ ಬೇಕಿದ್ದವರು ಇಬ್ಬರು ಗೆಳೆಯರನ್ನು ಜೊತೆಗೆ ಕರೆದುಕೊಂಡು ಹೋಗಲಿ. ಸೇಲ್ ಬಟ್ಟೆಯನ್ನು ಅನೇಕ ಅಂಗಡಿಗಳು ಬದಲಿಸಿಕೊಡುವುದಿಲ್ಲ, ಆದ್ದರಿಂದ ಅಲ್ಲೇ ತೊಟ್ಟು, ಕುಕ್ಕರಗಾಲಲ್ಲಿ ಕೂತು ನೋಡಿ.

ನಮ್ಮ ಹುಡುಗನ ಲೆಕ್ಕ ಹೀಗಿರಬಹುದು. ಹಳೆ ಕೋಟಿಗೆ 800, ಡ್ರೈಕ್ಲೀನಿಂಗ್‌ಗೆ 300, ಆಲ್ಟ್ರೇಷನ್‌ಗೆ 400. 1300ರ ಪ್ಯಾಂಟು ಅರ್ಧ ಬೆಲೆಗೆ 650. 999ರ ಮೂರು ಅಂಗಿಯನ್ನು ಎರಡರ ಬೆಲೆಗೆ ಮೂವರು ಹಂಚಿಕೊಂಡರೆ ತಲೆಗೆ 666. ಒಟ್ಟು 2816. ಉಳಿದದ್ದು ಮನೆಯಲ್ಲಿರುವ ಕಪ್ಪು ಬೂಟಿನ ಪಾಲಿಷ್ ಮತ್ತು ಹೊಸ ಲೇಸಿಗೆ. ಡ್ರೈಕ್ಲೀನಿಂಗ್, ಆಲ್ಟ್ರೇಷನ್‌ಗಳನ್ನು ಮೊದಲೇ ಲೆಕ್ಕಕ್ಕೆ ಸೇರಿಸದವರಿಗೆ 800ರ ಕೋಟು 1500 ಆಗುವುದು ಆಮೇಲೆ ತಿಳಿಯುತ್ತದೆ.

ಕೋಟು ಮೊದಲು ಡ್ರೈಕ್ಲೀನಿಂಗ್ ಆಗಲಿ, ಆಮೇಲೆ ಟೈಲರ್ ಬಳಿ ಹೋಗಲಿ. ಬಟ್ಟೆ ಕುಗ್ಗುವುದಿದ್ದರೆ ಅಷ್ಟರಲ್ಲೇ ಕುಗ್ಗಿರುತ್ತದೆ. ಅಳತೆ ಕೊಡುವಾಗ ಹೊಸ ಅಂಗಿಯನ್ನೇ ತೊಟ್ಟುಕೊಂಡು ಹೋಗಿ, ಕೋಟಿನ ತೋಳಿನಾಚೆ ಅಂಗಿಯ ತುದಿ ಅರ್ಧ ಇಂಚು ಕಾಣುವಂತೆ ಹೇಳಿ. ಈ ಕೆಲಸವನ್ನೂ ಆಷಾಢದಲ್ಲೇ ಮುಗಿಸುವುದು ಒಳ್ಳೆಯದು. ಶ್ರಾವಣ ಬಂತೆಂದರೆ ಟೈಲರ್‌ಗಳಿಗೆ ಹಬ್ಬ, ಮದುವೆಯ ಆರ್ಡರುಗಳು ಶುರು. ತೋಳು ಮಡಚುವ ಚಿಕ್ಕ ಕೆಲಸಕ್ಕೆ ಆಗ 'ನಾಳೆ ಬನ್ನಿ' ಎನ್ನುತ್ತಾರೆ.