ಇಲಿಗೆ ಶಾಕ್, ಬ್ಯಾಟ್ಸ್‌ಮನ್‌ಗೆ ಕೊನೆಯ ಓವರ್

ಒಂದು ಪೆಟ್ಟಿಗೆಯಲ್ಲಿ ಎರಡು ದಾರಿ, ಒಂದು ಬಿಳಿ, ಇನ್ನೊಂದು ಕಪ್ಪು. ಇಲಿ ಕಪ್ಪು ದಾರಿಗೆ ಹೊಕ್ಕರೆ ಕಾಲಿಗೆ ವಿದ್ಯುತ್ ಶಾಕ್. ಎಷ್ಟು ಜೋರಾಗಿ ಶಾಕ್ ಕೊಟ್ಟರೆ ಇಲಿ ಬೇಗ ಪಾಠ ಕಲಿಯುತ್ತದೆ? ರಾಬರ್ಟ್ ಯರ್ಕ್ಸ್ ಮತ್ತು ಜಾನ್ ಡಾಡ್ಸನ್ ಎಂಬ ಅಮೆರಿಕದ ಸಂಶೋಧಕರು 1908ರಲ್ಲಿ ಪ್ರಕಟಿಸಿದ ಪ್ರಯೋಗದ ಪ್ರಶ್ನೆ ಇದು.

ಎರಡು ದಾರಿಗಳ ಬೆಳಕಿನಲ್ಲಿ ಎದ್ದು ಕಾಣುವ ವ್ಯತ್ಯಾಸವಿದ್ದಾಗ, ಶಾಕ್ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ವ್ಯತ್ಯಾಸ ತೀರಾ ಸೂಕ್ಷ್ಮವಾಗಿದ್ದಾಗ ಲೆಕ್ಕ ಬದಲಾಯಿತು. ಶಾಕ್ ಒಂದು ಮಿತಿ ದಾಟಿದ ಮೇಲೆ ಕಲಿಕೆ ನಿಧಾನವಾಯಿತು. ಕೆಲಸ ಕಷ್ಟವಾದಷ್ಟೂ ಸಹಿಸಬಹುದಾದ ಮಿತಿ ಕೆಳಗಿಳಿಯಿತು.

ಕ್ರೀಡಾ ಮನೋವಿಜ್ಞಾನದ ಪಠ್ಯದಲ್ಲಿ ನೀವು ನೋಡುವ, ತಲೆಕೆಳಗಾದ ‘ಯು’ ಆಕಾರದ ವಕ್ರರೇಖೆ ಬೆಳೆದದ್ದು ಈ ಇಲಿಗಳಿಂದ. ಅಡ್ಡಗೆರೆಯ ಮೇಲೆ ಉದ್ರೇಕ, ಎಂದರೆ ಎದೆಬಡಿತ, ಸ್ನಾಯುಗಳ ಬಿಗಿತ, ಮನಸ್ಸಿನ ಎಚ್ಚರ ಎಲ್ಲ ಸೇರಿ ದೇಹ ಎಷ್ಟು ಸಜ್ಜಾಗಿದೆ ಎಂಬುದು. ಲಂಬಗೆರೆಯ ಮೇಲೆ ಆಟದ ಮಟ್ಟ. ಉದ್ರೇಕ ತೀರಾ ಕಡಿಮೆಯಾದರೂ ಆಟ ಸಪ್ಪೆ, ಹೆಚ್ಚಾದರೂ ಆಟ ಕೆಡುತ್ತದೆ. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ಕಷ್ಟದ ಕೆಲಸಕ್ಕೆ ವಕ್ರರೇಖೆಯ ಶಿಖರವೇ ಎಡಕ್ಕೆ ಸರಿಯುತ್ತದೆ ಎಂಬ ಅರ್ಧ ಭಾಗವನ್ನು ಹಲವರು ಮರೆಯುತ್ತಾರೆ. ಪಂದ್ಯ ಅರ್ಥವಾಗುವುದು ಆ ಅರ್ಧದಿಂದಲೇ.

ಒಂದು ಪಂದ್ಯ ನೋಡಿ. 2016ರ ಮಾರ್ಚ್ 23, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ಟಿ20 ವಿಶ್ವಕಪ್. ಭಾರತದ 146 ರನ್ ಬೆನ್ನಟ್ಟಿದ ಬಾಂಗ್ಲಾದೇಶಕ್ಕೆ ಕೊನೆಯ ಓವರಿನಲ್ಲಿ 11 ರನ್ ಬೇಕಿತ್ತು. ಹಾರ್ದಿಕ್ ಪಾಂಡ್ಯ ಬೌಲಿಂಗ್. ಮೊದಲ ಎಸೆತಕ್ಕೆ ಒಂದು ರನ್. ಮುಂದಿನ ಎರಡನ್ನೂ ಮುಷ್ಫಿಕರ್ ರಹೀಮ್ ಬೌಂಡರಿಗೆ ಅಟ್ಟಿ, ಗೆದ್ದೇಬಿಟ್ಟಂತೆ ಸಂಭ್ರಮಿಸಿದರು. ಇನ್ನು 3 ಎಸೆತಕ್ಕೆ 2 ರನ್ ಸಾಕು.

ನಾಲ್ಕನೆಯ ಎಸೆತವನ್ನು ಮುಷ್ಫಿಕರ್ ಎತ್ತಿ ಹೊಡೆದು ಕ್ಯಾಚಿತ್ತರು. ಐದನೆಯದು ಫುಲ್‌ಟಾಸ್. ಮಹಮದುಲ್ಲಾ ಅದನ್ನೂ ಎತ್ತಿ ಹೊಡೆದು ಔಟಾದರು. ಕೊನೆಯ ಎಸೆತ ಶುವಾಗತ ಹೋಮ್ ಅವರ ಬ್ಯಾಟಿಗೆ ಸಿಗಲಿಲ್ಲ. ಬೈ ರನ್ ಕದಿಯಲು ಓಡಿದ ಮುಸ್ತಾಫಿಜುರ್‌ಗಿಂತ ಮೊದಲು, ಕೀಪರ್ ಧೋನಿ ಚೆಂಡು ಹಿಡಿದು ಓಡಿಬಂದು ಬೇಲ್ ಎಗರಿಸಿದರು. ಭಾರತಕ್ಕೆ 1 ರನ್ ಗೆಲುವು.

ಎರಡು ಒಂಟಿ ರನ್ ಸಾಕಾಗಿದ್ದಾಗ ಇಬ್ಬರು ಅನುಭವಿಗಳು ದೊಡ್ಡ ಹೊಡೆತಕ್ಕೆ ಹೋದದ್ದೇಕೆ? ಇದಕ್ಕೊಂದು ಉತ್ತರ ಮನೋವಿಜ್ಞಾನಿ ಜೆ. ಎ. ಈಸ್ಟರ್‌ಬ್ರೂಕ್ 1959ರಲ್ಲಿ ಮಂಡಿಸಿದ ವಿಚಾರದಲ್ಲಿದೆ. ಉದ್ರೇಕ ಏರಿದಂತೆ ಗಮನದ ವ್ಯಾಪ್ತಿ ಕುಗ್ಗುತ್ತದೆ. ಮೊದಲು ಬೇಡದ ವಿಷಯಗಳು ಹೊರಬೀಳುವುದರಿಂದ ಅದು ಲಾಭವೇ; ಗ್ಯಾಲರಿಯ ಗದ್ದಲ ಕಿವಿಗೆ ಬೀಳುವುದಿಲ್ಲ. ಇನ್ನೂ ಏರಿದರೆ ಬೇಕಾದವೂ ಹೊರಬೀಳುತ್ತವೆ: ಬೌಂಡರಿಯಲ್ಲಿ ಯಾರು ನಿಂತಿದ್ದಾರೆ, ಎಷ್ಟು ಎಸೆತ ಉಳಿದಿವೆ, ಎಲ್ಲಿ ತಟ್ಟಿದರೆ ಒಂದು ರನ್ ಸಿಗುತ್ತದೆ. ಉಳಿಯುವುದು ಚೆಂಡು ಮತ್ತು ಅಭ್ಯಾಸವಾದ ಹೊಡೆತ.

ಅದೇ ಗದ್ದಲದಲ್ಲಿ ಧೋನಿ ಮಾಡಿದ್ದೇನು ನೋಡಿ. ಕೊನೆಯ ಎಸೆತಕ್ಕೆ ಮೊದಲೇ ಬಲಗೈ ಗ್ಲೋವ್ ಬಿಚ್ಚಿಟ್ಟಿದ್ದರು. ಯೋಚನೆಯ ಬಹುಪಾಲು ಚೆಂಡು ಬರುವ ಮುನ್ನವೇ ಮುಗಿದಿತ್ತು. ಆಮೇಲೆ ದೂರದಿಂದ ಗುರಿಯಿಟ್ಟು ಎಸೆಯುವ ಬದಲು ಓಡಿದರು. ಎಸೆತಕ್ಕೆ ಕೈಯ ಸೂಕ್ಷ್ಮ ಹಿಡಿತ ಬೇಕು, ಓಟಕ್ಕೆ ಕಾಲಿನ ಬಲ ಸಾಕು. ದಾರಿಗಳು ಸ್ಪಷ್ಟವಾಗಿದ್ದ ಇಲಿಯಂತೆ, ಹೆಚ್ಚಿನ ಉದ್ರೇಕವನ್ನು ತಾಳಿಕೊಳ್ಳುವ ಕೆಲಸವನ್ನೇ ಅವರು ಆರಿಸಿಕೊಂಡಂತಾಯಿತು.

ಇಲ್ಲಿ ಎಚ್ಚರಿಕೆಯೂ ಬೇಕು. ಅಂದು ಯಾರೂ ಬ್ಯಾಟ್ಸ್‌ಮನ್ನರ ಎದೆಬಡಿತ ಅಳೆದಿರಲಿಲ್ಲ. ಅದು ಬರೀ ತಪ್ಪು ಲೆಕ್ಕಾಚಾರವೂ ಆಗಿರಬಹುದು. ಫಲಿತಾಂಶ ನೋಡಿ ಉದ್ರೇಕವನ್ನು ಊಹಿಸಿ, ಅದೇ ಊಹೆಯಿಂದ ಫಲಿತಾಂಶವನ್ನು ವಿವರಿಸುವುದು ಸುತ್ತುವಾದ. ಜೊತೆಗೆ ಇಲಿಗಳ ಪ್ರಯೋಗ ಅಳೆದದ್ದು ಶಾಕ್ ಮತ್ತು ಕಲಿಕೆಯನ್ನು. ಆಟಕ್ಕೆ ಅದನ್ನು ಒಗ್ಗಿಸಿದವರು ನಂತರದವರು. ಆಟಗಾರರಲ್ಲೂ ಒಬ್ಬರಂತೆ ಒಬ್ಬರಿಲ್ಲ. ಕೆಲವರಿಗೆ ಶಾಂತವಾಗಿದ್ದಾಗ, ಕೆಲವರಿಗೆ ಮೈ ಬಿಸಿಯಾದಾಗ ಒಳ್ಳೆಯ ಆಟ ಬರುತ್ತದೆ ಎಂದು ಕ್ರೀಡಾ ಮನೋವಿಜ್ಞಾನಿ ಯೂರಿ ಹನಿನ್ ತೋರಿಸಿದ್ದಾರೆ.

ಹಾಗಾಗಿ ನಿಮ್ಮ ಶಾಲೆಯ ತಂಡದಲ್ಲಿ ಇದನ್ನು ಪರೀಕ್ಷಿಸುವುದಾದರೆ, ಪಂದ್ಯಕ್ಕೆ ಮುನ್ನ ಪ್ರತಿಯೊಬ್ಬರ ನಾಡಿಬಡಿತವನ್ನು ಎಣಿಸಿಡಿ, ಎಷ್ಟು ಆತಂಕವಿದೆ ಎಂದೂ ಕೇಳಿ ಬರೆದಿಡಿ. ಆಟದ ಅಂಕವನ್ನು, ಈ ಸಂಖ್ಯೆಗಳನ್ನು ನೋಡದ ಇನ್ನೊಬ್ಬರು ಕೊಡಲಿ. ಹಲವು ಪಂದ್ಯಗಳ ನಂತರ ಕಬಡ್ಡಿಯ ರೈಡರ್‌ಗೆ ಒಂದು, ಬ್ಯಾಸ್ಕೆಟ್‌ಬಾಲಿನ ಫ್ರೀ ಥ್ರೋ ಎಸೆಯುವವರಿಗೆ ಇನ್ನೊಂದು ನಕ್ಷೆ ಬರೆಯಿರಿ. ಎರಡರ ಶಿಖರಗಳು ಒಂದೇ ಕಡೆ ಬಂದರೆ, ಯರ್ಕ್ಸ್ ಮತ್ತು ಡಾಡ್ಸನ್ ಅವರ ನಿಯಮವನ್ನು ಪ್ರಶ್ನಿಸಲು ನಿಮಗೆ ಕಾರಣ ಸಿಕ್ಕಂತೆ.