ಸ್ಟೇಟ್‌ಮೆಂಟ್‌ನ ನಾಲ್ಕು ಸಾಲು: ಹಣ ಹೋದದ್ದು ಯಾರಿಗೆ?

ನಮ್ಮ ಅಬ್ಬಾ ದಾವಣಗೆರೆಯಲ್ಲಿ ಒಂದು ಸಣ್ಣ ವೆಲ್ಡಿಂಗ್ ಅಂಗಡಿ ನಡೆಸುತ್ತಾರೆ. ಕಳೆದ ಜುಲೈನಲ್ಲಿ ಬ್ಯಾಂಕಿನಿಂದ ಮೂರು ತಿಂಗಳ ಸ್ಟೇಟ್‌ಮೆಂಟ್ ಪ್ರಿಂಟ್ ಮಾಡಿಸಿಕೊಂಡು ಬಂದು, ನಾಲ್ಕು ಸಾಲುಗಳಿಗೆ ಕೆಂಪು ಪೆನ್ನಿನಿಂದ ಗೆರೆ ಎಳೆದು ನನ್ನ ಮುಂದೆ ಇಟ್ಟರು. "ನೀನು ಕಾಮರ್ಸ್ ಓದುತ್ತೀಯಲ್ಲ, ಈ ನಾಲ್ಕು ಯಾರಿಗೆ ಹೋಗಿವೆ ಹೇಳು" ಎಂದರು. ಆ ನಾಲ್ಕರಲ್ಲಿ ಒಂದು ಸಾಲಿನಿಂದ ಮನೆಯಲ್ಲಿ ಎರಡು ತಿಂಗಳಿಂದ ಮನಸ್ತಾಪ ನಡೆದಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ತರಗತಿಯಲ್ಲಿ ಬಿ.ಆರ್.ಎಸ್. ಲೆಕ್ಕ ಮಾಡುವಾಗ ಪಾಸ್ ಬುಕ್ಕಿನಲ್ಲಿ ಎಲ್ಲವೂ ಸ್ಪಷ್ಟವಾಗಿ ಬರೆದಿರುತ್ತದೆ. ನಿಜವಾದ ಸ್ಟೇಟ್‌ಮೆಂಟ್‌ನಲ್ಲಿ ಹಾಗಿಲ್ಲ. ವಿವರಣೆಯ ಕಾಲಂನಲ್ಲಿ ಅಕ್ಷರ, ಅಂಕಿ, ಗೆರೆ ಎಲ್ಲ ಸೇರಿಕೊಂಡಿರುತ್ತವೆ. ಒಂದೊಂದು ಬ್ಯಾಂಕು ಅದನ್ನು ಒಂದೊಂದು ರೀತಿ ಬರೆಯುತ್ತದೆ. ಆದರೆ ಬಹಳಷ್ಟು ಸಾಲುಗಳಲ್ಲಿ ಸಿಗುವುದು ಮೂರು ಸಂಗತಿ: ಹಣ ಯಾವ ದಾರಿಯಲ್ಲಿ ಹೋಯಿತು, ಅದರ ಉಲ್ಲೇಖ ಸಂಖ್ಯೆ ಏನು, ಆ ಕಡೆ ಯಾರಿದ್ದರು. ಮೊದಲನೆಯದನ್ನು ಓದಿದರೆ ಮೂರನೆಯದನ್ನು ಎಷ್ಟು ನಂಬಬೇಕು ಎಂಬುದು ತಿಳಿಯುತ್ತದೆ. ಕೆಳಗಿನ ಸಾಲುಗಳಲ್ಲಿ ಹೆಸರು ಮತ್ತು ಸಂಖ್ಯೆಗಳನ್ನು ಬದಲಿಸಿದ್ದೇನೆ.

ಮೊದಲನೇ ಸಾಲು: ಅಂಗಡಿಯ ಬೋರ್ಡಿನಲ್ಲಿ ಇಲ್ಲದ ಹೆಸರು

```
03-06-25  POS 6521XXXXXXXX4417 ABC ENTERPRISES BENGALURU  1,850.00 Dr
```

POS ಎಂದರೆ ಪಾಯಿಂಟ್ ಆಫ್ ಸೇಲ್, ಅಂದರೆ ಅಂಗಡಿಯ ಯಂತ್ರದಲ್ಲಿ ಕಾರ್ಡ್ ಉಜ್ಜಿದ್ದು. ನಂತರ ಇರುವುದು ನಮ್ಮದೇ ಕಾರ್ಡಿನ ಸಂಖ್ಯೆ, ನಡುವಿನ ಅಂಕಿಗಳನ್ನು ಮುಚ್ಚಿರುತ್ತಾರೆ. ಕೊನೆಯ ನಾಲ್ಕು ಅಂಕಿ ನೋಡಿದರೆ ಮನೆಯಲ್ಲಿ ಯಾರ ಕಾರ್ಡ್ ಎಂದು ಗೊತ್ತಾಗುತ್ತದೆ. 4417 ಅಬ್ಬಾರ ಕಾರ್ಡು. ಆದರೆ ಅಬ್ಬಾ ಜೂನ್‌ನಲ್ಲಿ ಬೆಂಗಳೂರಿಗೆ ಹೋಗಿಯೇ ಇರಲಿಲ್ಲ. ಯಾರೋ ಮೋಸ ಮಾಡಿದ್ದಾರೆ ಎಂದೇ ಅವರಿಗೆ ಅನಿಸಿತ್ತು.

POS ಸಾಲಿನಲ್ಲಿ ಬರುವ ಹೆಸರು ಅಂಗಡಿಯ ಬೋರ್ಡಿನ ಹೆಸರೇ ಆಗಿರಬೇಕಿಲ್ಲ. ಯಂತ್ರ ಪಡೆಯುವಾಗ ಮಾಲೀಕರು ಬ್ಯಾಂಕಿಗೆ ಕೊಟ್ಟ ಸಂಸ್ಥೆಯ ಹೆಸರು ಅಲ್ಲಿ ಬರಬಹುದು. ಊರು ಕೂಡ ಸಂಸ್ಥೆ ನೋಂದಣಿಯಾದ ಊರಾಗಿರಬಹುದು. ಹಾಗಾಗಿ ಹೆಸರನ್ನು ಬಿಟ್ಟು ದಿನಾಂಕ ಮತ್ತು ಮೊತ್ತವನ್ನು ಹಿಡಿದು ಹುಡುಕಬೇಕು. ಜೂನ್ 3 ಎಂದರೆ ಬಕ್ರೀದ್‌ಗೆ ನಾಲ್ಕು ದಿನ ಮೊದಲು. ಅಮ್ಮಿಯ ಪರ್ಸಿನಲ್ಲಿ ಚಪ್ಪಲಿ ಅಂಗಡಿಯ ಬಿಲ್ ಸಿಕ್ಕಿತು, 1,850 ರೂಪಾಯಿ. ಬಿಲ್ಲಿನ ಜೊತೆಗಿದ್ದ ಕಾರ್ಡ್ ಚೀಟಿಯ ಮೇಲ್ಭಾಗದಲ್ಲಿ ಬೆಂಗಳೂರಿನ ಅದೇ ಸಂಸ್ಥೆಯ ಹೆಸರಿತ್ತು. ಆ ಚೀಟಿಯಲ್ಲಿ TID ಎಂಬ ಎಂಟು ಅಕ್ಷರದ ಯಂತ್ರದ ಗುರುತೂ RRN ಎಂಬ ಹನ್ನೆರಡು ಅಂಕಿಯ ಸಂಖ್ಯೆಯೂ ಇರುತ್ತವೆ. ಚೀಟಿ ಕಳೆದುಹೋದರೆ ಬ್ಯಾಂಕಿನಲ್ಲಿ ಆ ಸಾಲಿನ RRN ಕೇಳಿ ಪಡೆಯಬಹುದು. ಅದನ್ನು ಹಿಡಿದು ಅಂಗಡಿಯವರು ತಮ್ಮ ಲೆಕ್ಕದಲ್ಲಿ ಹುಡುಕಬಲ್ಲರು.

ಎರಡನೇ ಸಾಲು: ನಾವೇ ಬರೆದ ಹೆಸರು

```
14-04-25  IMPS-510409371186-STEEL-XXXX3092   8,000.00 Dr
28-04-25  IMPS-511810226547-STEEL-XXXX7715   8,000.00 Dr
```

ಅಬ್ಬಾ ಕಬ್ಬಿಣದ ಶೀಟ್ ಮತ್ತು ಪೈಪ್ ತರುವ ವ್ಯಾಪಾರಿಗೆ ಏಪ್ರಿಲ್‌ನಲ್ಲಿ ಎರಡು ಸಲ ಎಂಟು ಸಾವಿರ ಕಳಿಸಿದ್ದರು. ಆ ವ್ಯಾಪಾರಿ ಒಂದೇ ಸಲ ಬಂದಿದೆ ಎನ್ನುತ್ತಿದ್ದರು. ಸ್ಟೇಟ್‌ಮೆಂಟ್‌ನಲ್ಲಿ ಎರಡರಲ್ಲೂ STEEL ಎಂದೇ ಇದೆ. ಇನ್ನೇನು ಸಾಕ್ಷಿ ಬೇಕು ಎಂಬುದು ಅಬ್ಬಾರ ವಾದ.

IMPS ತಕ್ಷಣ ಹಣ ತಲುಪಿಸುವ ವ್ಯವಸ್ಥೆ. ಇದರಲ್ಲಿ ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಹಾಕಿ ಕಳಿಸಿದಾಗ ಹಣ ಹೋಗುವುದು ಖಾತೆ ಸಂಖ್ಯೆಯನ್ನು ಹಿಡಿದು, ಹೆಸರನ್ನು ಹಿಡಿದಲ್ಲ. STEEL ಎನ್ನುವುದು ಅಬ್ಬಾ ತಮ್ಮ ಮೊಬೈಲ್‌ನಲ್ಲಿ ಗುರುತಿಗಾಗಿ ಬರೆದುಕೊಂಡ ಅಡ್ಡಹೆಸರು. ನಾವು ಬರೆದದ್ದೇ ನಮಗೆ ಮರಳಿ ಕಾಣುತ್ತಿರುವಾಗ ಅದು ಸಾಕ್ಷಿಯಾಗುವುದಿಲ್ಲ. ಇಲ್ಲಿ ನೋಡಬೇಕಾದ್ದು ಕೊನೆಯ ನಾಲ್ಕು ಅಂಕಿ. ಮೊದಲನೆಯದು 3092, ಎರಡನೆಯದು 7715. ಖಾತೆಗಳೇ ಬೇರೆ! ಮೊಬೈಲ್‌ನಲ್ಲಿ STEEL ಹೆಸರಿನಲ್ಲಿ ಎರಡು ಖಾತೆಗಳು ಉಳಿದಿದ್ದವು. 7715 ಆ ವ್ಯಾಪಾರಿಯ ಹಳೆಯ ಪಾಲುದಾರರದು.

ಇನ್ನು ಆ ಹನ್ನೆರಡು ಅಂಕಿ. ಇದೂ RRN. IMPS ಮತ್ತು UPI ಸಾಲುಗಳಲ್ಲಿ ಸಾಮಾನ್ಯವಾಗಿ ಇದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ನಂತರದ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂಬುದು. 5118 ಎಂದರೆ 2025ರ 118ನೇ ದಿನ. ಜನವರಿ 31, ಫೆಬ್ರವರಿ 28, ಮಾರ್ಚ್ 31 ಕೂಡಿದರೆ 90. ಉಳಿದ 28 ಏಪ್ರಿಲ್‌ನದು, ಅಂದರೆ ಏಪ್ರಿಲ್ 28. ಯಾರಾದರೂ "ಹಣ ಕಳಿಸಿದ್ದೇನೆ" ಎಂದು ಸ್ಕ್ರೀನ್‌ಶಾಟ್ ತೋರಿಸಿದರೆ ಈ ನಾಲ್ಕು ಅಂಕಿಯನ್ನು ದಿನಾಂಕದ ಜೊತೆ ಹೊಂದಿಸಿ ನೋಡಿ. ಹೊಂದದಿದ್ದರೆ ಅನುಮಾನ ಪಡಬೇಕು. ಹೊಂದಿದರೂ ಹಣ ಬಂದಿದೆಯೇ ಎಂಬುದನ್ನು ನಮ್ಮ ಖಾತೆಯಲ್ಲೇ ನೋಡಿಕೊಳ್ಳಬೇಕು. ಅಬ್ಬಾ RRN ಬರೆದುಕೊಂಡು ಹಳೆಯ ಪಾಲುದಾರರ ಬಳಿ ಹೋದರು. ಅವರು ತಮ್ಮ ಪಾಸ್ ಬುಕ್ ತೆಗೆದು ಅದೇ ಸಂಖ್ಯೆಯನ್ನು ಕಂಡು ಹಣ ಮರಳಿಸಿದರು. ಅವರು ಒಪ್ಪದಿದ್ದರೆ ಕಷ್ಟವಿತ್ತು. ಖಾತೆದಾರರ ಒಪ್ಪಿಗೆ ಇಲ್ಲದೆ ಬ್ಯಾಂಕು ತಾನಾಗಿ ಆ ಹಣವನ್ನು ವಾಪಸ್ ತರುವುದಿಲ್ಲ.

ಮೂರನೇ ಸಾಲು: ನಾವೇ ಸಹಿ ಮಾಡಿದ್ದು

ACH ಎಂದರೆ ಆಟೊಮೇಟೆಡ್ ಕ್ಲಿಯರಿಂಗ್ ಹೌಸ್. ಕಂತು, ವಿಮೆ, ಎಸ್‌ಐಪಿ ಮುಂತಾದವು ತಿಂಗಳು ತಿಂಗಳು ತಾನಾಗಿಯೇ ಕಡಿತವಾಗುವ ದಾರಿ ಇದು. ACH D ಇದ್ದರೆ ಹೋಗುವ ಹಣ, ACH C ಇದ್ದರೆ ಡಿವಿಡೆಂಡ್‌ನಂತೆ ಬರುವ ಹಣ. ಇಲ್ಲಿಯೂ ಹೆಸರು ದಾರಿ ತಪ್ಪಿಸಬಹುದು. ನಮ್ಮ ಮಾಮು ತಮ್ಮ ಸ್ಟೇಟ್‌ಮೆಂಟ್‌ನಲ್ಲಿ ಇದನ್ನು ನೋಡಿ ಗಾಬರಿಯಾಗಿದ್ದರು:

```
ACH D- INDIAN CLEARING CORP   1,000.00 Dr
```

ಇದು ಬಿಎಸ್‌ಇ ಷೇರು ಪೇಟೆಯ ಕ್ಲಿಯರಿಂಗ್ ಸಂಸ್ಥೆ. ಬಿಎಸ್‌ಇಯ ವೇದಿಕೆಯ ಮೂಲಕ ಮ್ಯೂಚುವಲ್ ಫಂಡ್ ಕೊಂಡರೆ ಹಣ ಮೊದಲು ಇಲ್ಲಿಗೆ ಹೋಗಿ ಆಮೇಲೆ ಫಂಡಿಗೆ ಹೋಗುತ್ತದೆ. ಸ್ಟೇಟ್‌ಮೆಂಟ್ ತೋರಿಸುವುದು ಮಧ್ಯದವರ ಹೆಸರನ್ನು. ಅದು ಮಾಮು ಅವರ ಎಸ್‌ಐಪಿಯೇ ಆಗಿತ್ತು.

ಅಬ್ಬಾರದು ಅಷ್ಟು ಸುಲಭವಾಗಿರಲಿಲ್ಲ. ಪ್ರತಿ ತಿಂಗಳ 5ರಂದು 249 ರೂಪಾಯಿ ಒಂದು ಹಣಕಾಸು ಕಂಪನಿಗೆ ಹೋಗುತ್ತಿತ್ತು. ಕಂತಿನಲ್ಲಿ ತಂದ ಮೊಬೈಲ್‌ನ ಸಾಲ ಮಾರ್ಚ್‌ಗೇ ತೀರಿತ್ತು. ACH ಕಡಿತಕ್ಕೆ ಮ್ಯಾಂಡೇಟ್, ಅಂದರೆ ನಾವು ಕೊಟ್ಟ ಒಪ್ಪಿಗೆ ಇರಬೇಕು. ಅದರಲ್ಲಿ ಯಾವ ಕಂಪನಿಗೆ, ಹೆಚ್ಚೆಂದರೆ ಎಷ್ಟು, ಯಾವಾಗಿನಿಂದ ಯಾವಾಗಿನವರೆಗೆ ಎಂದು ಬರೆದಿರುತ್ತದೆ. ಪ್ರತಿ ಮ್ಯಾಂಡೇಟ್‌ಗೆ UMRN ಎಂಬ ಇಪ್ಪತ್ತು ಅಕ್ಷರದ ಸಂಖ್ಯೆ ಇರುತ್ತದೆ. ಶಾಖೆಯಲ್ಲಿ ಮ್ಯಾಂಡೇಟ್‌ಗಳ ಪಟ್ಟಿ ಕೇಳಿದಾಗ ಎರಡು ಕಂಡವು. ಒಂದು ಮೊಬೈಲ್ ಸಾಲದ್ದು, ಮುಗಿದಿತ್ತು. ಇನ್ನೊಂದು ಮೊಬೈಲ್‌ನ ಹೆಚ್ಚುವರಿ ವಾರಂಟಿಯದು, ಇನ್ನೂ ನಡೆದಿತ್ತು. ಸಾಲದ ಕಾಗದಗಳ ಜೊತೆಗೇ ಅದಕ್ಕೂ ಅಬ್ಬಾ ಸಹಿ ಮಾಡಿದ್ದರು.

UMRN ಬರೆದು ಮ್ಯಾಂಡೇಟ್ ರದ್ದು ಮಾಡಲು ಅರ್ಜಿ ಕೊಟ್ಟೆವು, ಸ್ವೀಕೃತಿ ಪಡೆದೆವು. ಮುಂದಿನ ತಿಂಗಳಿಂದ ಕಡಿತ ನಿಂತಿತು. ಅಲ್ಲಿಯವರೆಗೆ ಹೋದ ಹಣ ಬರಲಿಲ್ಲ, ಏಕೆಂದರೆ ಸಹಿ ನಮ್ಮದೇ. ಒಂದು ಎಚ್ಚರಿಕೆ: ಸಾಲ ಬಾಕಿ ಇರುವಾಗ ಮ್ಯಾಂಡೇಟ್ ರದ್ದು ಮಾಡಿದರೆ ಸಾಲ ರದ್ದಾಗುವುದಿಲ್ಲ, ಕಂತು ತಪ್ಪಿದ ದಂಡ ಬೀಳುತ್ತದೆ.

ನಾಲ್ಕನೇ ಸಾಲು: ಯಾರಿಗೂ ಹೋಗದ ಹಣ

```
07-05-25  NWD-6521XXXXXXXX4417-DV004821-DAVANGERE   5,000.00 Dr
```

ನಮ್ಮ ಸ್ಟೇಟ್‌ಮೆಂಟ್‌ನಲ್ಲಿ NWD ಎಂದರೆ ಬೇರೆ ಬ್ಯಾಂಕಿನ ಎಟಿಎಂನಿಂದ ತೆಗೆದದ್ದು, ATW ಎಂದರೆ ನಮ್ಮ ಬ್ಯಾಂಕಿನದರಿಂದ. ಕೆಲವು ಬ್ಯಾಂಕುಗಳು ATM WDL ಎಂದು ಬರೆಯುತ್ತವೆ. ನಂತರ ಕಾರ್ಡು, ಎಟಿಎಂ ಯಂತ್ರದ ಗುರುತು, ಊರು. ಯಾರು ತೆಗೆದರು ಎಂಬುದು ಮಾತ್ರ ಇಲ್ಲಿ ಇರುವುದಿಲ್ಲ, ಯಾವ ಕಾರ್ಡು ಎಂಬುದಷ್ಟೇ.

ಅಂದು ಅಬ್ಬಾ ಕಾರ್ಡು ಕೊಟ್ಟು ಭಾಯಿಯನ್ನು ಕಳಿಸಿದ್ದರು. ಭಾಯಿ ಬರಿಗೈಯಲ್ಲಿ ಬಂದು "ಯಂತ್ರ ಸದ್ದು ಮಾಡಿತು, ಹಣ ಬರಲಿಲ್ಲ" ಎಂದ. ಆದರೆ ಅಬ್ಬಾರ ಮೊಬೈಲ್‌ಗೆ 5,000 ಕಡಿತವಾದ ಸಂದೇಶ ಬಂದಿತ್ತು. ಅಬ್ಬಾ ಬೈಯಲಿಲ್ಲ. ಆದರೆ ಅಂದಿನಿಂದ ಅವನ ಕೈಗೆ ಕಾರ್ಡು ಕೊಡಲಿಲ್ಲ.

ಎಟಿಎಂ ಸಾಲು ನೋಡುವಾಗ ಅಲ್ಲಿಗೇ ನಿಲ್ಲಬಾರದು. ಮುಂದಿನ ಹತ್ತು ದಿನಗಳ ಜಮಾ ಕಾಲಂನಲ್ಲಿ ಅದೇ ಮೊತ್ತ ಇದೆಯೇ ನೋಡಬೇಕು. ಮುಂದಿನ ಪುಟದ ಮೇಲ್ಭಾಗದಲ್ಲಿ ಇತ್ತು:

```
12-05-25  REV-NWD-6521XXXXXXXX4417-DV004821   5,000.00 Cr
```

REV ಎಂದರೆ ರಿವರ್ಸಲ್, ಅಂದರೆ ಮರಳಿಸಿದ್ದು. ಕಾರ್ಡು ಅದೇ, ಯಂತ್ರವೂ ಅದೇ, ಎರಡು ಸಾಲಿನ ಉಲ್ಲೇಖ ಸಂಖ್ಯೆಯೂ ಒಂದೇ. ಖಾತೆಯಲ್ಲಿ ಕಡಿತವಾಗಿ ಎಟಿಎಂನಿಂದ ಹಣ ಬರದಿದ್ದರೆ ಐದು ದಿನಗಳೊಳಗೆ ಬ್ಯಾಂಕು ತಾನಾಗಿ ಮರಳಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸುತ್ತೋಲೆ ಹೇಳುತ್ತದೆ. ಮೇ 7ಕ್ಕೆ ಐದು ಕೂಡಿದರೆ 12. ಸರಿಯಾಗಿ ಐದನೇ ದಿನ ಬಂದಿತ್ತು. ಆ ದಿನ ಬಂದ ಸಂದೇಶವನ್ನು ಅಬ್ಬಾ ಗಿರಾಕಿ ಕಳಿಸಿದ ಹಣ ಎಂದುಕೊಂಡಿದ್ದರು.

ಅದೇ ಪುಟದಲ್ಲಿ 27.14 ಎಂಬ ಸಣ್ಣ ಕಡಿತವೂ ಇತ್ತು. ಇಂಥ ಪೈಸೆ ಲೆಕ್ಕದ ಮೊತ್ತ ಕಂಡರೆ 1.18ರಿಂದ ಭಾಗಿಸಿ ನೋಡಿ. ಪೂರ್ಣ ಸಂಖ್ಯೆ ಬಂದರೆ ಅದು ಬಹುಮಟ್ಟಿಗೆ ಬ್ಯಾಂಕಿನ ಶುಲ್ಕ ಮತ್ತು ಶೇ. 18 ಜಿಎಸ್‌ಟಿ ಸೇರಿದ್ದು. 27.14 ÷ 1.18 = 23. ಉಚಿತ ಮಿತಿ ಮೀರಿದ ಎಟಿಎಂ ಬಳಕೆಗೆ 2025ರ ಮೇ 1ರಿಂದ ವಿಧಿಸಬಹುದಾದ ಗರಿಷ್ಠ ಶುಲ್ಕ ಅದೇ 23 ರೂಪಾಯಿ. ಬೇರೆ ಬ್ಯಾಂಕಿನ ಎಟಿಎಂ ಬಳಕೆ ತಿಂಗಳಿಗೆ ದಾವಣಗೆರೆಯಂಥ ಊರಿನಲ್ಲಿ ಐದು ಸಲ, ಬೆಂಗಳೂರಿನಲ್ಲಿ ಮೂರು ಸಲ ಉಚಿತ.

ಹೀಗೆಲ್ಲ ನೋಡಿದ ಮೇಲೂ ಒಂದು ಸಾಲು ಯಾರದೆಂದು ತಿಳಿಯದಿದ್ದರೆ ಕಾಯಬೇಡಿ. ನಮ್ಮ ತಪ್ಪಿಲ್ಲದೆ ಹೊರಗಿನವರಿಂದ ಆದ ಮೋಸವನ್ನು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬೀಳುವುದಿಲ್ಲ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲಿದೆ. ಸೈಬರ್ ವಂಚನೆಯಾದರೆ 1930ಕ್ಕೂ ಕರೆ ಮಾಡಬೇಕು.

ಅಬ್ಬಾ ಪೆನ್ನು ತೆಗೆದುಕೊಂಡು ಪ್ರತಿ ಸಾಲಿನ ಪಕ್ಕದಲ್ಲಿ ಬರೆದರು: ಚಪ್ಪಲಿ ಅಂಗಡಿ, ಹಳೆಯ ಪಾಲುದಾರ, ವಾರಂಟಿ. ನಾಲ್ಕನೆಯದರ ಪಕ್ಕದಲ್ಲಿ "ಯಾರಿಗೂ ಇಲ್ಲ" ಎಂದು ಬರೆದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಭಾಯಿಯನ್ನು ಕರೆದು, ಕಾರ್ಡು ಕೊಟ್ಟು, ಅಂಗಡಿಗೆ ಎರಡು ಸಾವಿರ ತೆಗೆದುಕೊಂಡು ಬಾ ಎಂದರು.