ಸೊನ್ನೆ ಸೊನ್ನೆಯೋ, ಸೊನ್ನೆ ಒಂದು ಒಂದೋ?

ಚಿಕ್ಕಮ್ಮನ ಮಗ ಮೊದಲ ಸಲ ನ್ಯೂಜೆರ್ಸಿಗೆ ಹೊರಟಾಗ ಚಿಕ್ಕಪ್ಪ ಅವನ ಡೈರಿಯ ಮೊದಲ ಪುಟದಲ್ಲಿ ಬೆಂಗಳೂರಿನ ಮನೆಯ ನಂಬರನ್ನು 0091-80 ಎಂದು ಶುರುಮಾಡಿ ದುಂಡಗೆ ಬರೆದುಕೊಟ್ಟಿದ್ದರು. ಲಂಡನ್ನಿನಲ್ಲಿದ್ದ ಭಾವ ಅದನ್ನೇ ಒತ್ತಿ ವಾರವಾರ ಮಾತಾಡುತ್ತಿದ್ದರು, ಹಾಗಾಗಿ ತಪ್ಪಿರುವ ಮಾತೇ ಇರಲಿಲ್ಲ. ಆದರೆ ಅಮೆರಿಕದ ಲ್ಯಾಂಡ್‌ಲೈನಿನಲ್ಲಿ ಎಷ್ಟು ಸಲ ಒತ್ತಿದರೂ ಕರೆ ಹೋಗಲಿಲ್ಲ. “ಮೊದಲಿನ ಎರಡು ಸೊನ್ನೆ ಬಿಟ್ಟು 011 ಹಾಕಿ ನೋಡು” ಎಂದರು ಪಕ್ಕದ ಮನೆಯವರು. ಎರಡನೇ ರಿಂಗಿಗೆ ಚಿಕ್ಕಮ್ಮ ಫೋನ್ ಎತ್ತಿದರು.

ಚಿಕ್ಕಪ್ಪ ಬರೆದದ್ದರಲ್ಲಿ 91 ಮಾತ್ರ ನಮ್ಮ ದೇಶದ್ದು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಭಾರತಕ್ಕೆ ಕೊಟ್ಟ ಸಂಖ್ಯೆ ಅದು, ಜಗತ್ತಿನ ಯಾವ ಮೂಲೆಯಿಂದ ಕರೆದರೂ ಬದಲಾಗುವುದಿಲ್ಲ. ಅದರ ಹಿಂದಿನ 00 ಭಾರತಕ್ಕೆ ಸೇರಿದ್ದೇ ಅಲ್ಲ. ಅದು ಕರೆ ಮಾಡುವವನು ತನ್ನೂರಿನ ಎಕ್ಸ್‌ಚೇಂಜಿಗೆ ಹೇಳುವ ಮಾತು: “ಮುಂದೆ ಬರುವುದು ಪರದೇಶದ ನಂಬರು, ಹೊರಗಿನ ದಾರಿ ತೆರೆ.” ಈ ಮಾತನ್ನು ಯಾವ ಅಂಕಿಗಳಲ್ಲಿ ಹೇಳಬೇಕು ಎನ್ನುವುದು ಆಯಾ ದೇಶದ ಮನೆವಾರ್ತೆ.

ಮನೆವಾರ್ತೆಯಾದದ್ದಕ್ಕೆ ಕಾರಣ ಹಳೆಯ ಯಂತ್ರಗಳು. ಡಯಲ್ ತಿರುಗಿಸುತ್ತಿದ್ದ ಕಾಲದ ಎಕ್ಸ್‌ಚೇಂಜು ಪೂರ್ತಿ ನಂಬರು ಕೇಳಿಸಿಕೊಂಡು ಆಮೇಲೆ ಯೋಚಿಸುವ ಜಾತಿಯದಲ್ಲ. ಒಂದೊಂದು ಅಂಕಿ ಬಂದಂತೆಲ್ಲ ಅದರ ಸ್ವಿಚ್ಚು ಅಷ್ಟಷ್ಟೇ ಜರುಗಿ, ಒಂದು ಕವಲು ಹಿಡಿದುಬಿಡುತ್ತಿತ್ತು. ಆದ್ದರಿಂದ ವಿದೇಶಕ್ಕೆ ನೇರ ಡಯಲಿಂಗ್ ಬರುವ ಹೊತ್ತಿಗೆ ಪ್ರತಿ ದೇಶವೂ ತನ್ನಲ್ಲಿ ಯಾವ ಕವಲು ಖಾಲಿ ಉಳಿದಿದೆ ಎಂದು ಹುಡುಕಬೇಕಾಯಿತು. ನಮ್ಮಲ್ಲಿ ಲೆಕ್ಕ ಸುಲಭ: ಒಂದು ಸೊನ್ನೆ ಒತ್ತಿದರೆ ಊರಿನಾಚೆ, ಅಂದರೆ ಎಸ್‌ಟಿಡಿ, ಇನ್ನೊಂದು ಸೇರಿಸಿದರೆ ದೇಶದಾಚೆ, ಐಎಸ್‌ಡಿ.

ಅಮೆರಿಕದಲ್ಲಿ ಈ ಲೆಕ್ಕ ನಡೆಯದು. ಅಲ್ಲಿ 0 ಒತ್ತಿದರೆ ಆಪರೇಟರ್ ಬರುತ್ತಾರೆ, ದೂರದ ಊರಿಗೆ 1 ಒತ್ತಬೇಕು. ಹಾಗಾಗಿ ಖಾಲಿಯಿದ್ದ 01ರ ಕವಲನ್ನೇ ಹಿಡಿದರು: ಆಪರೇಟರ್ ನೆರವಿನ ವಿದೇಶಿ ಕರೆಗೆ 01, ನೇರ ಕರೆಗೆ 011. ಆಸ್ಟ್ರೇಲಿಯಾದಲ್ಲಿ ತುರ್ತು ಕರೆಯ ನಂಬರೇ 000. ಅಲ್ಲಿ ಬರೀ 00 ಇಟ್ಟರೆ ಎರಡನೇ ಸೊನ್ನೆಯಾದ ಮೇಲೆ ಆ ಮನುಷ್ಯನಿಗೆ ಬೇಕಾದದ್ದು ವಿದೇಶವೋ ಆಂಬ್ಯುಲೆನ್ಸೋ ತಿಳಿಯದು, ಅವರದು 0011. ಜಪಾನಿನದು 010. ರಷ್ಯಾದ ಪದ್ಧತಿ ನನಗೆ ಬಹಳ ಇಷ್ಟ: 8 ಒತ್ತಿ, ಟೋನ್ ಬರುವವರೆಗೆ ಕಾದು, ಆಮೇಲೆ 10.

ಎಲ್ಲರೂ 00ಗೆ ಬನ್ನಿ ಎಂಬ ಶಿಫಾರಸು ಬಂದ ಮೇಲೆ ಯುರೋಪ್ ಹೆಚ್ಚುಕಡಿಮೆ ಒಂದಾಯಿತು. ಬ್ರಿಟನ್ 1995ರಲ್ಲಿ ತನ್ನ 010 ಬಿಟ್ಟಿತು, ಫ್ರಾನ್ಸ್ ಮರುವರ್ಷ 19 ಬಿಟ್ಟಿತು. ಆದರೆ 00ಯಿಂದ ಆಗಲೇ ಬೇರೆ ಕೆಲಸ ಮಾಡಿಸಿಕೊಳ್ಳುತ್ತಿದ್ದವರು ಬದಲಾಗಲಿಲ್ಲ.

ಹೀಗಾಗಿ ಕಾಗದದ ಮೇಲೆ ನಂಬರು ಬರೆಯುವವನಿಗೆ ಫಜೀತಿ. ಓದುವವನು ಎಲ್ಲಿ ಕೂತಿದ್ದಾನೋ ಗೊತ್ತಿಲ್ಲದೆ 00 ಬರೆಯಬೇಕೆ, 011 ಬರೆಯಬೇಕೆ? ಈ ತೆರವಿಗೆ ಬಂದದ್ದು ಪ್ಲಸ್ ಚಿಹ್ನೆ. +91 80 ಎಂದರೆ “ನಿಮ್ಮ ದೇಶದ ಹೊರದಾರಿಯ ಅಂಕಿ ಯಾವುದೋ ಅದನ್ನು ಇಲ್ಲಿ ಹಾಕಿಕೊಳ್ಳಿ” ಎಂದಷ್ಟೇ ಅರ್ಥ. ಕೂಡುವ ಲೆಕ್ಕಕ್ಕೂ ಅದಕ್ಕೂ ಸಂಬಂಧವಿಲ್ಲ.

ಮೊಬೈಲು ಬಂದ ಮೇಲೆ ಆ ಹಾಕಿಕೊಳ್ಳುವ ಕೆಲಸವೂ ತಪ್ಪಿತು. ಸೊನ್ನೆಯನ್ನು ಒತ್ತಿ ಹಿಡಿದರೆ, ಹಳೆಯ ನೋಕಿಯಾಗಳಲ್ಲಿ ನಕ್ಷತ್ರವನ್ನು ಎರಡು ಸಲ ಒತ್ತಿದರೆ, ಪ್ಲಸ್ ಬರುತ್ತದೆ. ಕರೆ ಮಾಡಿದಾಗ ಮೊಬೈಲು ನೆಟ್‌ವರ್ಕಿಗೆ ಕಳಿಸುವ ಸಂದೇಶದಲ್ಲಿ ಅಂಕಿಗಳ ಜೊತೆಗೆ “ಇದು ಅಂತರರಾಷ್ಟ್ರೀಯ ರೂಪದ ನಂಬರು” ಎಂಬ ಗುರುತೂ ಹೋಗುತ್ತದೆ. ಹಾಗಾಗಿ +91 ಎಂದು ಸೇವ್ ಮಾಡಿದ ನಂಬರು ಹಾಸನದಲ್ಲೂ ನಡೆಯುತ್ತದೆ, ಸಿಡ್ನಿಯಲ್ಲೂ ನಡೆಯುತ್ತದೆ. 0091 ಎಂದು ಸೇವ್ ಮಾಡಿದ್ದು ಹಾಸನದಲ್ಲಿ, ಲಂಡನ್ನಿನಲ್ಲಿ ನಡೆದು ಅಮೆರಿಕದಲ್ಲಿ ಕೈಕೊಡುತ್ತದೆ.

ಮಾಮೂಲಿ ಲ್ಯಾಂಡ್‌ಲೈನಿನಲ್ಲಿ ಪ್ಲಸ್ ಗುಂಡಿಯೇ ಇಲ್ಲ, ಅಲ್ಲಿ ಅಂಕಿ ನಾವೇ ಹಾಕಬೇಕು. ಅಮೆರಿಕದ ಎಷ್ಟೋ ಆಫೀಸುಗಳಲ್ಲಿ ಹೊರಗಿನ ಲೈನಿಗೆ ಮೊದಲು 9 ಒತ್ತಬೇಕು. ಅಲ್ಲಿಂದ ಊರಿಗೆ ಕರೆಯಬೇಕಾದವನು 9, 011, 91 ಎಂದು ಒತ್ತಬೇಕು. ಅವಸರದಲ್ಲಿ ನಡುವಿನ ಸೊನ್ನೆ ತಪ್ಪಿತೆನ್ನಿ, ಮೊದಲ ಮೂರು ಅಂಕಿ 911 ಆಗಿಬಿಡುತ್ತದೆ. ಅದು ಅಮೆರಿಕದ ತುರ್ತು ಕರೆಯ ನಂಬರು! ಅಮ್ಮನ ದನಿ ಕೇಳಬೇಕೆಂದಿದ್ದವನಿಗೆ ಪೊಲೀಸರ ವಿಚಾರಣೆ.

ನಮ್ಮ ಮದುವೆ ಕರೆಯೋಲೆಗಳಲ್ಲಿ ಕಾಣುವ ತಪ್ಪು ಬೇರೆ: +91 080 ಎಂದು ಅಚ್ಚು ಹಾಕಿಸುವುದು. 080ಯ ಸೊನ್ನೆ ದೇಶದೊಳಗಿನ ಎಸ್‌ಟಿಡಿಯದು. 91 ಹಾಕಿದ ಮೇಲೆ ಕರೆ ಭಾರತದೊಳಗೆ ಬಂದೇ ಆಗಿರುತ್ತದೆ, ಆ ಸೊನ್ನೆ ತೆಗೆದು +91 80 ಎಂದೇ ಬರೆಯಬೇಕು. ಬಹುಪಾಲು ದೇಶಗಳಲ್ಲಿ ಇದೇ ನಿಯಮ. ಇಟಲಿ ಮಾತ್ರ ಹಟಮಾರಿ: ಅಲ್ಲಿನ ಲ್ಯಾಂಡ್‌ಲೈನುಗಳಲ್ಲಿ ಸೊನ್ನೆ ನಂಬರಿನ ಅಂಗವೇ ಆಗಿರುವುದರಿಂದ, ರೋಮ್‌ಗೆ ಕರೆಯುವಾಗ +39 06 ಎಂದು ಅದನ್ನು ಉಳಿಸಿಕೊಂಡೇ ಒತ್ತಬೇಕು.